ಸದಸ್ಯರಿಗೆ ಎರಡು ದಿನ ಮೊದಲೇ

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ವಾರ ಫೋನ್ ತುಂಬಾ ರಿಯಾಯಿತಿಯ ಮೆಸೇಜುಗಳು. ‘ನಿಮಗಾಗಿ ಮಾತ್ರ’ ಎಂದು ಬಂದದ್ದು ಪಕ್ಕದ ಮನೆಯವರಿಗೂ ಬಂದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಹಳೆಯ ಗಿರಾಕಿಗೆ ತನ್ನನ್ನು ನೆನಪಿಟ್ಟಿದ್ದಾರೆ ಅನ್ನಿಸಬೇಕಾದರೆ ಮೊದಲು ಬಂದು ಆರಿಸಿಕೊಳ್ಳುವ ಅವಕಾಶ ನಿಜವಾಗಿಯೂ ಸಿಗಬೇಕು.

ಒಂದು ಸೀರೆ ಅಂಗಡಿಯನ್ನು ಊಹಿಸಿಕೊಳ್ಳಿ. ಸದಸ್ಯರು 600 ಮಂದಿ, ಹೊಸದಾಗಿ ಬಂದ ಇಳಕಲ್ ಸೀರೆ 40. ಎಲ್ಲರಿಗೂ ಒಟ್ಟಿಗೆ ಕರೆ ಹೋದರೆ ಸಂಜೆ ಬಂದವರಿಗೆ ಖಾಲಿ ಕಪಾಟೇ ಗತಿ. ಹಳೆಯ ಬಿಲ್ಲುಗಳಲ್ಲಿ ಫೋನ್ ನಂಬರ್ ಇದ್ದೇ ಇರುತ್ತದೆ. ಇಳಕಲ್ ಕೊಂಡವರನ್ನಷ್ಟೇ ಹುಡುಕಿ, ಅವರ ಹೆಸರಿನ ನಂತರ ಹೀಗೆ ಬರೆಯಬಹುದು:

“ಹಬ್ಬದ ರಿಯಾಯಿತಿ ಶುಕ್ರವಾರದಿಂದ. ನಮ್ಮ ಸದಸ್ಯರಿಗೆ ಬುಧವಾರವೇ ಶುರು. ಹೊಸ ಇಳಕಲ್ ಸೀರೆ ಬಂದಿದೆ. ಈ ಮೆಸೇಜು ತೋರಿಸಿ.”

ಹೊಗಳಿಕೆ ಇಲ್ಲ, ‘ಬೇಗ ಬನ್ನಿ’ ಎಂಬ ಅವಸರವೂ ಇಲ್ಲ. ಯಾವ ದಿನ, ಯಾವ ಸೀರೆ, ಬಂದು ಏನು ಮಾಡಬೇಕು ಎಂಬುದಿದೆ. ಆಕೆ ಇಷ್ಟಪಡುವ ಸೀರೆ ಯಾವುದೆಂದು ಅಂಗಡಿಗೆ ಗೊತ್ತಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಎಸ್‌ಎಂಎಸ್‌ನಲ್ಲಿ ಕಳಿಸುವುದಾದರೆ ಅಕ್ಷರದ ಲೆಕ್ಕ ನೋಡಬೇಕು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದರ ಮೇಲೆ ಗುಣಿತ, ಒತ್ತುಗಳೆಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ‘ವರಮಹಾಲಕ್ಷ್ಮಿ’ ನಮಗೆ ಆರಕ್ಷರ, ಫೋನಿಗೆ ಹನ್ನೆರಡು. ಮೇಲಿನ ಒಕ್ಕಣೆ ಹೆಸರು ಬಿಟ್ಟೇ 98 ಆಗುವುದರಿಂದ ಎರಡು ಎಸ್‌ಎಂಎಸ್‌ಗಳ ಖರ್ಚು ಬೀಳುತ್ತದೆ. ನನ್ನ ಮಟ್ಟಿಗೆ ಅದು ಕೊಡತಕ್ಕ ದುಡ್ಡೇ. ಉಳಿತಾಯಕ್ಕೆಂದು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹಿರಿಯರು ಓದಲು ತಿಣುಕಾಡುತ್ತಾರೆ.

ಟ್ರಾಯ್‌ನ 2018ರ ನಿಯಮದಂತೆ ಅಂಗಡಿಯ ಹೆಸರೂ ಮೆಸೇಜಿನ ಒಕ್ಕಣೆಯೂ ಮೊದಲೇ ಟೆಲಿಕಾಂ ಕಂಪನಿಯ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಗಿರಾಕಿಯ ಹೆಸರಿಗೆ ಒಕ್ಕಣೆಯಲ್ಲಿ ಜಾಗ ಬಿಟ್ಟು ಒಪ್ಪಿಗೆ ಪಡೆಯಬೇಕು. ಆಮೇಲೆ ಒಂದು ಪದ ಬದಲಾದರೂ ಮೆಸೇಜು ತಡೆಯಲ್ಪಡಬಹುದು.

ಆದರೆ ಕೆಲಸ ಹೆಚ್ಚಾಗಿ ಕೆಡುವುದು ಅಂಗಡಿಯೊಳಗೆ. ಬುಧವಾರ ಆಕೆ ಬಂದು ಫೋನ್ ತೋರಿಸುತ್ತಾರೆ. ಕೌಂಟರಿನ ಹುಡುಗ “ಯಾವ ಮೆಸೇಜು ಮೇಡಂ? ಆಫರ್ ಶುಕ್ರವಾರದಿಂದ ಅಲ್ವಾ?” ಎನ್ನುತ್ತಾನೆ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ರಿಯಾಯಿತಿ ಇನ್ನೂ ಹಾಕಿರುವುದಿಲ್ಲ. ನಾಲ್ಕು ಜನರ ಮುಂದೆ ಹಾಗೆ ಕೇಳಿಸಿಕೊಂಡವರಿಗೆ ಮೆಸೇಜೇ ಬರದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಹಾಗಾಗಿ ಮಾಲೀಕರು ಮಂಗಳವಾರ ರಾತ್ರಿಯೇ ಒಂದು ಸೀರೆಗೆ ಬಿಲ್ ಹಾಕಿಸಿ ನೋಡಲಿ, ಮೆಸೇಜನ್ನು ಕೌಂಟರಿನವರಿಗೆ ತೋರಿಸಿಯೇ ಮನೆಗೆ ಹೋಗಲಿ.