ಎಡಬಲ ಸಮನಾದ ಮನೆ

ಈ ವಾರದ ಸಮಸ್ಯೆ ನೂರು ವರ್ಷಕ್ಕೂ ಹಳೆಯದು. 1914ರ ಡಿಸೆಂಬರ್‌ನಲ್ಲಿ ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯ ಒಗಟಿನ ಅಂಕಣದಲ್ಲಿ ಹೆನ್ರಿ ಡ್ಯೂಡನಿ ಇದನ್ನು ಕೊಟ್ಟಿದ್ದರು. ಬೆಲ್ಜಿಯಂನ ಲೂವೆನ್ ಪಟ್ಟಣದ ಉದ್ದನೆಯ ಬೀದಿಯಲ್ಲಿ ಒಬ್ಬನ ಮನೆಯಿದೆ. ಅವನಿರುವ ಸಾಲಿನ ಮನೆಗಳಿಗೆ 1, 2, 3 ಎಂದು ಒಂದೂ ಬಿಡದೆ ಸಂಖ್ಯೆ ಹಾಕಿದ್ದಾರೆ. ಅವನ ಮನೆಯ ಎಡಕ್ಕಿರುವ ಸಂಖ್ಯೆಗಳನ್ನೆಲ್ಲ ಕೂಡಿದರೆ ಎಷ್ಟು ಬರುತ್ತದೋ, ಬಲಕ್ಕಿರುವವನ್ನು ಕೂಡಿದರೂ ಅಷ್ಟೇ ಬರುತ್ತದೆ. ಸಾಲಿನಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆಗಳಿವೆ. ಅವನ ಮನೆಯ ಸಂಖ್ಯೆ ಎಷ್ಟು?

ಇಲ್ಲಿಗೇ ಓದು ನಿಲ್ಲಿಸಿ ಕಾಗದ ಪೆನ್ಸಿಲ್ ಹಿಡಿಯುವವರು ಹಿಡಿಯಲಿ. ಉಳಿದವರಿಗೆ ಮೂರು ಸುಳಿವುಗಳಿವೆ. ಒಂದು ಸುಳಿವು ಒಂದೇ ಅಡ್ಡಿಯನ್ನು ತೆಗೆಯಬೇಕು, ಮುಂದಿನ ಹೆಜ್ಜೆಯನ್ನು ಓದುಗರಿಗೇ ಬಿಡಬೇಕು ಎಂಬುದು ನನ್ನ ನಂಬಿಕೆ. ಹಾಗಾಗಿ ಪ್ರತಿ ಸುಳಿವಿನ ನಂತರ ಸ್ವಲ್ಪ ಹೊತ್ತು ಪ್ರಯತ್ನಿಸಿ, ಆಮೇಲೆ ಮುಂದಿನದನ್ನು ಓದಿ.

ಮೊದಲ ಸುಳಿವು: ಬೀದಿಯನ್ನು ಚಿಕ್ಕದು ಮಾಡಿ. ಎಂಟೇ ಮನೆಗಳಿದ್ದರೆ ಆರನೆಯ ಮನೆಯವನಿಗೆ ಈ ಭಾಗ್ಯವಿದೆ. ಎಡಕ್ಕೆ 1ರಿಂದ 5ರವರೆಗೆ ಕೂಡಿದರೆ 15, ಬಲಕ್ಕೆ 7 ಮತ್ತು 8 ಸೇರಿ 15. ಅನೇಕರು ಎಡವುವುದು ಇಲ್ಲೇ. ಮನೆ ಸಾಲಿನ ನಡುವೆ ಇರಬೇಕೆಂದು ಊಹಿಸಿ ಅಲ್ಲೇ ಹುಡುಕುತ್ತಾರೆ. ಬಲಗಡೆಯ ಸಂಖ್ಯೆಗಳು ದೊಡ್ಡವು, ಆದ್ದರಿಂದ ಆ ಕಡೆ ಕಡಿಮೆ ಮನೆಗಳೇ ಸಾಕು. ಬೀದಿ ಉದ್ದವಾದಂತೆ ಮನೆಯ ಸ್ಥಾನ ಸಾಲಿನ ಸುಮಾರು ಶೇಕಡಾ 71ರ ಹತ್ತಿರ ಬಂದು ನಿಲ್ಲುತ್ತದೆ. ನಿಮ್ಮ ಉತ್ತರ ಅದರಿಂದ ದೂರವಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಎರಡನೆಯ ಸುಳಿವು: ಎಡಬಲಗಳನ್ನು ಹೋಲಿಸುವುದನ್ನು ಬಿಟ್ಟು ಇಡೀ ಸಾಲನ್ನು ಕೂಡಿ ನೋಡಿ. ಎಂಟು ಮನೆಗಳ ಸಾಲಿನ ಮೊತ್ತ 36, ಅಂದರೆ ಆರರ ವರ್ಗ. ಇದು ಆಕಸ್ಮಿಕವಲ್ಲ. ಎಡಬಲಗಳು ಸಮನಾಗಿದ್ದರೆ ಒಟ್ಟು ಮೊತ್ತವೆಂದರೆ ಎಡದ ಮೊತ್ತದ ಎರಡರಷ್ಟು ಮತ್ತು ಅವನದೇ ಸಂಖ್ಯೆ. ಆರನೆಯ ಮನೆಗೆ ಎಡದ ಎರಡರಷ್ಟು ಎಂದರೆ 5 × 6. ಅದಕ್ಕೆ ಇನ್ನೊಂದು 6 ಸೇರಿದರೆ 6 × 6. ಯಾವ ಮನೆಗಾದರೂ ಹೀಗೆಯೇ. ಆದ್ದರಿಂದ ಇಡೀ ಸಾಲಿನ ಮೊತ್ತ ಯಾವಾಗಲೂ ಅವನ ಮನೆಯ ಸಂಖ್ಯೆಯ ವರ್ಗವೇ ಆಗಿರಬೇಕು.

ಮೂರನೆಯ ಸುಳಿವು: ಸಾಲಿನ ಮೊತ್ತ ಬೇಕಾದರೆ ಕೊನೆಯ ಮನೆಯ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡುತ್ತೇವೆ. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1ನ್ನು ಬಿಟ್ಟರೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಹಾಗಿದ್ದೂ ಆ ಅರ್ಧ ಒಂದು ವರ್ಗವಾಗಬೇಕಾದರೆ ಎರಡರಲ್ಲಿ ಒಂದು ಪೂರ್ಣ ವರ್ಗವಾಗಿರಬೇಕು, ಇನ್ನೊಂದು ವರ್ಗದ ಎರಡರಷ್ಟಾಗಿರಬೇಕು. ನಮ್ಮ ಚಿಕ್ಕ ಬೀದಿಯಲ್ಲಿ 8 ಎಂದರೆ 4ರ ಎರಡರಷ್ಟು, 9 ಎಂದರೆ ಮೂರರ ವರ್ಗ.

ಈಗ ಉತ್ತರ. 500ರೊಳಗಿನ ವರ್ಗಗಳನ್ನು ಒಂದು ಸಾಲಿನಲ್ಲಿ ಬರೆಯಿರಿ: 64, 81, 100, 121, ಹೀಗೆ. ಕೆಳಗೆ ವರ್ಗಗಳ ಎರಡರಷ್ಟನ್ನು ಬರೆಯಿರಿ: 72, 98, 128, 162. ಒಂದೇ ಒಂದರ ಅಂತರವಿರುವ ಜೋಡಿ ಹುಡುಕಿ. 98 ಮತ್ತು 100 ಆಸೆ ಹುಟ್ಟಿಸುತ್ತವೆ, ಆದರೆ ಅಂತರ ಎರಡು. 49, 50ರ ಜೋಡಿ ಸರಿಹೊಂದುತ್ತದೆ, ಆದರೆ ಆಗ ಸಾಲಿನಲ್ಲಿ 49 ಮನೆಗಳಷ್ಟೇ ಆದವು. ಡ್ಯೂಡನಿ ‘50ಕ್ಕಿಂತ ಹೆಚ್ಚು’ ಎಂದದ್ದು ಇದನ್ನು ಹೊರಗಿಡಲೆಂದೇ ಇರಬೇಕು. ಕೊನೆಗೆ ಉಳಿಯುವುದು 288 ಮತ್ತು 289 ಮಾತ್ರ. 288 ಎಂದರೆ ಹನ್ನೆರಡರ ವರ್ಗದ ಎರಡರಷ್ಟು, 289 ಎಂದರೆ ಹದಿನೇಳರ ವರ್ಗ. ಸಾಲಿನಲ್ಲಿ 288 ಮನೆಗಳಿವೆ, ಅವನ ಮನೆಯ ಸಂಖ್ಯೆ 12 × 17, ಅಂದರೆ 204. ಎಡಕ್ಕೂ ಬಲಕ್ಕೂ ಮೊತ್ತ 20,706.

ಆಗ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಪಿ.ಸಿ. ಮಹಲನೋಬಿಸ್ ಇದನ್ನು ಪತ್ರಿಕೆಯಲ್ಲಿ ಕಂಡು, ಅಂದಾಜಿನಲ್ಲೇ ಹುಡುಕಿ ಬಿಡಿಸಿದ್ದರು. ಒಲೆಯ ಮುಂದೆ ತರಕಾರಿ ಕೈಯಾಡಿಸುತ್ತಿದ್ದ ಶ್ರೀನಿವಾಸ ರಾಮಾನುಜನ್ ಅವರಿಗೆ ಓದಿ ಹೇಳಿದಾಗ ಅವರು ಒಂದು ಮನೆಯ ಸಂಖ್ಯೆ ಹೇಳಲಿಲ್ಲ. ಒಂದರ ಕೆಳಗೊಂದು ಮುಗಿಯದೆ ಇಳಿಯುವ ಒಂದು ಭಿನ್ನರಾಶಿಯನ್ನು ಬರೆದುಕೊಳ್ಳಲು ಹೇಳಿದರು. ಅದನ್ನು ಅಲ್ಲಲ್ಲಿ ಕತ್ತರಿಸಿದರೆ ಇಂಥ ಎಲ್ಲ ಬೀದಿಗಳ ಉತ್ತರವೂ ಸಾಲಾಗಿ ಸಿಗುತ್ತದೆ. ಈ ಸಮಸ್ಯೆಯ ಬುಡದಲ್ಲಿರುವುದು ಎರಡರ ವರ್ಗಮೂಲ. 288ನ್ನು ಎರಡರಷ್ಟು ಮಾಡಿ ಒಂದು ಕೂಡಿಸಿದರೆ 577, 204ನ್ನು ಎರಡರಷ್ಟು ಮಾಡಿದರೆ 408. 577ನ್ನು 408ರಿಂದ ಭಾಗಿಸಿದರೆ 1.41421 ಎಂದು ಎರಡರ ವರ್ಗಮೂಲ ಐದು ದಶಮಾಂಶ ಸ್ಥಾನದವರೆಗೆ ಬರುತ್ತದೆ. ಯಜ್ಞವೇದಿಕೆಯ ಅಳತೆಗಾಗಿ ಬೌಧಾಯನ ಶುಲ್ಬಸೂತ್ರ ಕೊಟ್ಟ ಲೆಕ್ಕವೂ ಇದೇ: ಒಂದಕ್ಕೆ ಅದರ ಮೂರನೆಯ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೆಯ ಒಂದನ್ನು ಸೇರಿಸು, ಅದರ ಮೂವತ್ತನಾಲ್ಕನೆಯ ಒಂದನ್ನು ಕಳೆ. ಮಾಡಿ ನೋಡಿದರೆ ಸರಿಯಾಗಿ 577/408.

ಮುಂದಿನ ವಾರಕ್ಕೆ ಬೀದಿ ಇನ್ನೂ ಉದ್ದ: 500ಕ್ಕಿಂತ ಹೆಚ್ಚು, 2,000ಕ್ಕಿಂತ ಕಡಿಮೆ ಮನೆಗಳು. ಮೂರನೆಯ ಸುಳಿವೊಂದನ್ನೇ ಹಿಡಿದು ಹೊರಡಿ.