ಬೂಟಿನಡಿಯ ನೆರಳು

"ಅಣ್ಣಾ, ಫೋಟೊ ಎಲ್ಲಾ ಚೆನ್ನಾಗಿ ಬಂದಿದೆ. ಈ ಶೂ ಒಂದು ಚೇಂಜ್ ಮಾಡ್ಕೊಡಿ." ಮದುವೆಯ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ ಈ ಮಾತು ಹೊಸದಲ್ಲ. ಆರತಕ್ಷತೆಗೆ ಕಡುನೀಲಿ ಸೂಟು ಹೊಲಿಸಿದ ವರನ ಕರಿ ಬೂಟನ್ನು ನಾದಿನಿಯರು ಬಚ್ಚಿಟ್ಟಿರುತ್ತಾರೆ. ಅವಸರದಲ್ಲಿ ಅವನು ಬಿಳಿ ಸ್ಪೋರ್ಟ್ಸ್ ಶೂ ಮೆಟ್ಟಿಕೊಂಡೇ ನಿಂತು ತಲೆಯಿಂದ ಕಾಲಿನವರೆಗಿನ ನಿಲುವು ಫೋಟೊ ತೆಗೆಸಿಕೊಂಡಿರುತ್ತಾನೆ. ಗೋಡೆಗೆ ಹಾಕಲು ಆರಿಸಿದ್ದೂ ಅದೇ ಫೋಟೊ.

ಕೇಳುವವರಿಗೆ ಇದು ಐದು ನಿಮಿಷದ ಕೆಲಸ. ಅಂಗಡಿಯ ವೆಬ್‌ಸೈಟಿನಿಂದ ಕರಿ ಬೂಟಿನ ಚಿತ್ರ ಇಳಿಸಿಕೊಂಡು, ಕತ್ತರಿಸಿ, ಕಾಲಿನ ಜಾಗಕ್ಕೆ ಅಂಟಿಸಿದರೆ ಆಯಿತಲ್ಲ! ಹಾಗೆ ಅಂಟಿಸಿದ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಏನು ತಪ್ಪಾಗಿದೆಯೆಂದು ಹೇಳಲು ಬಾರದಿದ್ದರೂ ಮನುಷ್ಯ ನೆಲದ ಮೇಲೆ ನಿಂತಿಲ್ಲ ಎಂಬುದು ಅಜ್ಜಿಯ ಕಣ್ಣಿಗೂ ಗೊತ್ತಾಗುತ್ತದೆ. ಬೂಟಿನ ಅಂಚನ್ನು ಎಷ್ಟೇ ನುಣುಪಾಗಿ ಕತ್ತರಿಸಿದ್ದರೂ ಅಷ್ಟೆ. ತಪ್ಪಿರುವುದು ಎರಡು ಕಡೆ: ಬೂಟನ್ನು ಯಾವ ಎತ್ತರದಿಂದ ನೋಡುತ್ತಿದ್ದೇವೆ ಎಂಬಲ್ಲಿ, ಮತ್ತು ಅಟ್ಟೆ ನೆಲಕ್ಕೆ ತಾಗುವಲ್ಲಿ.

ಮೊದಲು ನೋಟದ ಎತ್ತರ. ನಿಲುವು ಫೋಟೊ ತೆಗೆಯುವಾಗ ಕ್ಯಾಮೆರಾ ಸಾಮಾನ್ಯವಾಗಿ ಸೊಂಟದಿಂದ ಎದೆಯ ನಡುವೆ ಇರುತ್ತದೆ. ನಮ್ಮ ವರನ ವಿಷಯದಲ್ಲಿ ಕ್ಯಾಮೆರಾ ನೆಲದಿಂದ 120 ಸೆಂಟಿಮೀಟರ್ ಎತ್ತರದಲ್ಲಿ, ಅವನಿಂದ 3 ಮೀಟರ್ ದೂರದಲ್ಲಿ ಇದೆ ಎಂದಿಟ್ಟುಕೊಳ್ಳಿ. ಅಂದರೆ ಕ್ಯಾಮೆರಾ ಅವನ ಮುಖವನ್ನು ಹೆಚ್ಚುಕಡಿಮೆ ನೇರವಾಗಿ ನೋಡುತ್ತಿದೆ, ಆದರೆ ಪಾದಗಳನ್ನು ಸುಮಾರು 22 ಡಿಗ್ರಿ ಮೇಲಿನಿಂದ ನೋಡುತ್ತಿದೆ. ಅಂಗಡಿಯವರು ಬೂಟನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆಯುವಾಗ ಕ್ಯಾಮೆರಾ ಬೂಟಿನಷ್ಟೇ ಎತ್ತರಕ್ಕೆ ಇಳಿದಿರುತ್ತದೆ, ದೂರವೂ ಒಂದು ಮೀಟರಿನ ಆಸುಪಾಸು. ಇದರಿಂದ ಎರಡು ತೊಂದರೆ. ಒಂದು, ಮೇಲಿನಿಂದ ಕಾಣಬೇಕಾದ ಲೇಸಿನ ಭಾಗ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು, ಬೂಟಿನ ಮುಂದಿನ ತುದಿ ಕ್ಯಾಮೆರಾಕ್ಕೆ ಹತ್ತಿರವಾದ್ದರಿಂದ ಊದಿಕೊಳ್ಳುತ್ತದೆ. 28 ಸೆಂಟಿಮೀಟರ್ ಉದ್ದದ ಬೂಟು ಕ್ಯಾಮೆರಾದ ಕಡೆ ಮುಖ ಮಾಡಿದ್ದರೆ, ಒಂದು ಮೀಟರ್ ದೂರದಿಂದ ಅದರ ಮುಂತುದಿ ಹಿಮ್ಮಡಿಗಿಂತ ನೂರಕ್ಕೆ 28ರಷ್ಟು ದೊಡ್ಡದಾಗಿ ಬೀಳುತ್ತದೆ. ಮೂರು ಮೀಟರಿನಿಂದಾದರೆ ಈ ವ್ಯತ್ಯಾಸ ಬರೀ 9. ಫೋಟೊಶಾಪಿನ Distort ಹಿಡಿದು ಎಷ್ಟು ಎಳೆದಾಡಿದರೂ, ಕ್ಯಾಮೆರಾ ನೋಡಿಯೇ ಇರದ ಬೂಟಿನ ಮೇಲ್ಭಾಗ ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ.

ಹಾಗಾಗಿ ಬಲ್ಲ ಎಡಿಟರುಗಳು ಇಳಿಸಿಕೊಂಡ ಚಿತ್ರದ ಗೋಜಿಗೇ ಹೋಗುವುದಿಲ್ಲ. ಬೇಕಾದ ಬೂಟನ್ನು ತಂದು, ಯಾರದಾದರೂ ಕಾಲಿಗೆ ಹಾಕಿಸಿ, ತಾವೇ ಇನ್ನೊಂದು ಫೋಟೊ ತೆಗೆಯುತ್ತಾರೆ. ಕಾಲಿಗೆ ಹಾಕಿಸಬೇಕೆನ್ನುವುದಕ್ಕೆ ಕಾರಣವಿದೆ. ಖಾಲಿ ಬೂಟಿಗೆ ಭಾರ ಇರುವುದಿಲ್ಲ. ಮೈಭಾರ ಬಿದ್ದಾಗ ಬೆರಳುಗಳ ಬುಡದಲ್ಲಿ ಚರ್ಮ ಅಗಲಕ್ಕೆ ಸರಿಯುತ್ತದೆ, ಮಡಿಕೆ ಬೀಳುತ್ತದೆ, ಅಟ್ಟೆ ನೆಲಕ್ಕೆ ಒತ್ತಿಕೊಳ್ಳುತ್ತದೆ.

ಆದರೆ ಮೂಲ ಫೋಟೊದಲ್ಲಿ ಕ್ಯಾಮೆರಾ ಎಲ್ಲಿತ್ತೆಂದು ಈಗ ತಿಳಿಯುವುದು ಹೇಗೆ? ಫೋಟೊದ ನೆಲವೇ ಅದನ್ನು ಹೇಳುತ್ತದೆ. ಸಭಾಂಗಣದ ಟೈಲ್ಸುಗಳ ನಡುವಿನ ಗೆರೆಗಳಲ್ಲಿ ದೂರಕ್ಕೆ ಓಡುವ ಎರಡನ್ನು ಹಿಡಿದು ಮುಂದಕ್ಕೆ ಎಳೆಯಿರಿ. ಅವು ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನಲ್ಲಿ ಅಡ್ಡಗೆರೆಯೊಂದನ್ನು ಹಾಕಿದರೆ ಅದು ವರನ ಮೈಯನ್ನು ಎಲ್ಲಿ ಹಾಯುತ್ತದೋ ಕ್ಯಾಮೆರಾ ಅಷ್ಟೇ ಎತ್ತರದಲ್ಲಿತ್ತು. ಗೆರೆ ಎದೆಯ ಕೆಳಗೆ ಹಾದರೆ, 170 ಸೆಂಟಿಮೀಟರ್ ಎತ್ತರದವನಿಗೆ ಅದು ಸುಮಾರು 120 ಸೆಂಟಿಮೀಟರ್. ಇನ್ನು ದೂರ. ಪಾದದ ಬಳಿಯ ಒಂದು ಟೈಲ್ಸನ್ನು ಅಳೆಯಿರಿ. 60 ಸೆಂಟಿಮೀಟರಿನ, ಅಂದರೆ ಎರಡಡಿಯ, ಚೌಕದ ಟೈಲ್ಸು ಕ್ಯಾಮೆರಾದಿಂದ ಮೂರು ಮೀಟರಿನಲ್ಲಿ ಶುರುವಾಗಿದ್ದರೆ ಫೋಟೊದಲ್ಲಿ ಅದರ ಅಗಲ ಎತ್ತರದ ಮೂರು ಪಟ್ಟು ಕಾಣುತ್ತದೆ. ಸ್ಟುಡಿಯೊದಲ್ಲಿ ಅದೇ ಅಳತೆಯ ಟೈಲ್ಸಿನ ಮೇಲೆ, ಇಲ್ಲವೇ ನೆಲಕ್ಕೆ ಟೇಪಿನಿಂದ ಎರಡಡಿ ಚೌಕ ಅಂಟಿಸಿ, ಟ್ರೈಪಾಡನ್ನು ಆ ಎತ್ತರಕ್ಕೆ ನಿಲ್ಲಿಸಿ, ಚೌಕ ಮೂರಕ್ಕೊಂದರಂತೆ ಕಾಣುವವರೆಗೆ ಹಿಂದೆ ಮುಂದೆ ಸರಿಸಿದರೆ ಮುಗಿಯಿತು. ನೋಟ ತಾನಾಗಿ ಹೊಂದಿಕೊಳ್ಳುತ್ತದೆ. ಜೂಮ್ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಬೂಟಿನ ಅಳತೆಯನ್ನು ಆಮೇಲೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಕ್ಯಾಮೆರಾ ನಿಂತ ಜಾಗ ತಪ್ಪಿದರೆ ಮಾತ್ರ ಆಮೇಲೆ ತಿದ್ದಲಾಗದು.

ಎರಡೂ ಕಾಲಿನ ಬೂಟಿನ ಫೋಟೊ ಬೇರೆ ಬೇರೆಯೇ ಆಗಬೇಕು. ಒಂದನ್ನು ಎಡಬಲ ತಿರುಗಿಸಿ ಇನ್ನೊಂದಕ್ಕೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಒಂದು ಬೂಟಿಗೆ ಬೆಳಕು ಎಡದಿಂದ, ಮತ್ತೊಂದಕ್ಕೆ ಬಲದಿಂದ ಬೀಳುತ್ತದೆ. ಸಾಲದ್ದಕ್ಕೆ, ಒಂದು ಕಾಲು ಅಡಿಯಷ್ಟು ಮುಂದಿದ್ದರೆ ಆ ಬೂಟು ನೂರಕ್ಕೆ ಹತ್ತರಷ್ಟು ದೊಡ್ಡದಾಗಿಯೂ ಕಾಣಬೇಕು.

ಈಗ ನೆರಳಿಗೆ ಬರೋಣ. ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲಿಯೇ, ಕೆಡುವುದೂ ಇಲ್ಲಿಯೇ.

ಮೊದಲು ಮಾಡಬೇಕಾದ್ದು ಹೊಸ ನೆರಳನ್ನು ಹಾಕುವುದಲ್ಲ, ಹಳೆಯದನ್ನು ಅಳಿಸುವುದು. ಸ್ಪೋರ್ಟ್ಸ್ ಶೂ ದಪ್ಪ, ಕರಿ ಬೂಟು ತೆಳು. ವರ ಫೋಟೊದಲ್ಲಿ 3400 ಪಿಕ್ಸೆಲ್ ಎತ್ತರ ಇದ್ದರೆ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್. ಅರ್ಧ ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಹೊಸ ಬೂಟಿನ ಸುತ್ತ 10 ಪಿಕ್ಸೆಲಿನ ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿಯಲ್ಲಿ ಹಳೆಯ ಅಟ್ಟೆಯ ನೆರಳೂ, ಬಿಳಿ ಬೂಟು ನೆಲಕ್ಕೆ ಚೆಲ್ಲಿದ ಬೆಳಕೂ ಇರುತ್ತದೆ. ಇದರ ಮೇಲೆ ಹೊಸ ನೆರಳು ಹಾಕಿದರೆ ನೆರಳಿನ ಹೊರಗೊಂದು ಬೆಳಕಿನ ಬಳೆ ಕಾಣುತ್ತದೆ. ಆದ್ದರಿಂದ ಬೂಟು, ನೆರಳು ಎರಡೂ ಇಲ್ಲದ ಖಾಲಿ ನೆಲವನ್ನು ಮೊದಲು ಕಟ್ಟಿಕೊಳ್ಳಬೇಕು. ಟೈಲ್ಸಿನ ಗೆರೆಗಳನ್ನು ಮೊದಲು ಸೇರಿಸಿ, ನಡುವಿನ ಮೈಯನ್ನು ಆಮೇಲೆ Clone Stamp ಹಿಡಿದು ತುಂಬಿದರೆ ಗೆರೆ ಸೊಟ್ಟಗಾಗುವುದಿಲ್ಲ. ಪ್ಯಾಂಟಿನ ಅಂಚನ್ನು ಮುಟ್ಟದೆ ಬೇರೆ ಲೇಯರಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಳ್ಳಬೇಕು. ಬೂಟು ಅದರ ಕೆಳಗೆ ನುಸುಳಬೇಕಲ್ಲದೆ ಅದರ ಮೇಲೆ ಕೂರಬಾರದು. ಅಂಚಿನ ನೆರಳು ಬೂಟಿನ ಮೇಲೂ ಒಂದಿಷ್ಟು ಬೀಳಬೇಕು.

ಇಷ್ಟಾದ ಮೇಲೆ ಅಟ್ಟೆಯನ್ನು ನೋಡಿ. ಸ್ಪೋರ್ಟ್ಸ್ ಶೂವಿನ ಅಟ್ಟೆ ಹೆಚ್ಚುಕಡಿಮೆ ಪೂರ್ತಿ ನೆಲಕ್ಕೆ ತಾಗಿರುತ್ತದೆ. ಹಿಮ್ಮಡಿ ಕಟ್ಟಿದ ಕರಿ ಬೂಟು ಹಾಗಲ್ಲ. ಅದು ನೆಲಕ್ಕೆ ತಾಗುವುದು ಎರಡೇ ಕಡೆ, ಹಿಮ್ಮಡಿಯಲ್ಲಿ ಮತ್ತು ಬೆರಳುಗಳ ಬುಡದಲ್ಲಿ. ನಡುವೆ ಕಮಾನಿನಂಥ ಸಂದು. ಮುಂತುದಿಯೂ ನೆಲದಿಂದ ಒಂದು ಸೆಂಟಿಮೀಟರಿನಷ್ಟು ಎದ್ದಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಅಟ್ಟೆಯ ಸುತ್ತ ಒಂದೇ ದಪ್ಪದ ಕರಿ ಗೆರೆ ಎಳೆಯುತ್ತಾರೆ. ಆಗ ಬೂಟು ಕಾಗದದ ಮೇಲೆ ಅಂಟಿಸಿದ ಸ್ಟಿಕರಿನ ಹಾಗೆ ಕಾಣುತ್ತದೆ. ನಿಜವಾದ ನೆರಳು ತಾಗಿದ ಕಡೆ ದಟ್ಟವಾಗಿ, ಕೂದಲೆಳೆಯಷ್ಟು ತೆಳ್ಳಗೆ ಇರುತ್ತದೆ. ಬೂಟು ಎದ್ದ ಕಡೆ ಅದು ಅಗಲವಾಗುತ್ತ ತಿಳಿಯಾಗುತ್ತದೆ.

ಎಷ್ಟು ಅಗಲ ಎನ್ನುವುದಕ್ಕೆ ಲೆಕ್ಕವಿದೆ, ಕಷ್ಟದ್ದೇನಲ್ಲ. 60 ಸೆಂಟಿಮೀಟರ್ ಅಗಲದ ಸಾಫ್ಟ್‌ಬಾಕ್ಸ್ ದೀಪ ಕಾಲಿನಿಂದ ಎರಡು ಮೀಟರ್ ದೂರದಲ್ಲಿದ್ದರೆ, ನೆಲದಿಂದ ಒಂದು ಸೆಂಟಿಮೀಟರ್ ಎದ್ದ ಬೂಟಿನ ತುದಿಯ ನೆರಳಿಗೆ ಸುಮಾರು 3 ಮಿಲಿಮೀಟರಿನ ಮಸುಕು ಅಂಚು ಇರುತ್ತದೆ. ನಮ್ಮ ಫೋಟೊದಲ್ಲಿ ಅದು 6 ಪಿಕ್ಸೆಲ್. ಅದೇ ದೀಪಕ್ಕೆ ಮೊಣಕಾಲಿನ ನೆರಳು ಸುಮಾರು 20 ಸೆಂಟಿಮೀಟರ್ ಮಸುಕಾಗಿ, ನೆಲದಲ್ಲಿ ಕರಗಿಯೇ ಹೋಗುತ್ತದೆ. ಇದರಿಂದ ತಿಳಿಯುವುದಿಷ್ಟೆ: ಇಡೀ ನೆರಳಿಗೆ ಒಂದೇ ಅಳತೆಯ Gaussian Blur ಹಾಕಿದರೆ ಅದು ಯಾವ ದೀಪದ ನೆರಳೂ ಆಗುವುದಿಲ್ಲ. ಎರಡು ಲೇಯರು ಬೇಕು. ಒಂದರಲ್ಲಿ ಅಟ್ಟೆ ತಾಗುವೆಡೆಯ ಗೆರೆ, ಎರಡು ಮೂರು ಪಿಕ್ಸೆಲಿನದು. ಇನ್ನೊಂದರಲ್ಲಿ ಬೆಳಕಿಗೆ ಎದುರು ದಿಕ್ಕಿಗೆ ಚಾಚಿದ, ಹೊರಹೋದಂತೆ ಮಸುಕಾಗುವ ಅಗಲ ನೆರಳು. ಎರಡನ್ನೂ Multiply ಮಾಡಿ ಬೂಟಿನ ಕೆಳಗೆ ಇಡಬೇಕು.

ದಿಕ್ಕನ್ನು ಊಹಿಸುವುದು ಬೇಡ. ಪಕ್ಕದಲ್ಲಿ ನಿಂತ ವಧುವಿನ ಸೀರೆಯಂಚಿನ ನೆರಳು ಎತ್ತ ಬಿದ್ದಿದೆಯೋ ವರನದೂ ಅತ್ತಲೇ ಬೀಳಬೇಕು. ಛತ್ರಗಳಲ್ಲಿ ಎರಡು ಬದಿಗೂ ದೀಪ ನಿಲ್ಲಿಸುವ ರೂಢಿಯಿದೆ. ಆಗ ಒಂದೊಂದು ಕಾಲಿಗೆ ಎರಡೆರಡು ನೆರಳು. ಅವು ಒಂದರ ಮೇಲೊಂದು ಬಿದ್ದ ಕಡೆ ಮಾತ್ರ ಹೆಚ್ಚು ಕಪ್ಪು. ಬಣ್ಣವೂ ಶುದ್ಧ ಕಪ್ಪಲ್ಲ. ಒಂದು ದೀಪದ ನೆರಳಿನೊಳಕ್ಕೆ ಇನ್ನೊಂದರ ಬೆಳಕು ಬಂದಿರುತ್ತದೆ. ಕೆನೆ ಬಣ್ಣದ ಟೈಲ್ಸಿನ ಮೇಲೆ ಹಳದಿ ಬೆಳಕಿದ್ದರೆ ನೆರಳು ಕಂದು ಛಾಯೆಗೆ ತಿರುಗಿರುತ್ತದೆ. ಸೀರೆಯ ನೆರಳಿನಿಂದಲೇ ಬಣ್ಣ ಎತ್ತಿಕೊಂಡು ಬ್ರಶ್‌ಗೆ ಕೊಡುವುದು ಒಳ್ಳೆಯದು.

ಹೊಳೆಯುವ ನೆಲವಾದರೆ ಇನ್ನೊಂದು ತಾಪತ್ರಯ, ಪ್ರತಿಬಿಂಬ. ಬೂಟಿನ ಚಿತ್ರವನ್ನೇ ತಲೆಕೆಳಗು ಮಾಡಿ ಕೆಳಗೆ ಅಂಟಿಸುವುದು ಎಲ್ಲರ ಉಪಾಯ. ಅದು ಸರಿಯಲ್ಲ. ನೆಲದ ಕನ್ನಡಿ ಬೂಟನ್ನು ಕೆಳಗಿನಿಂದ ನೋಡುತ್ತದೆ. ಅದರಲ್ಲಿ ಕಾಣಬೇಕಾದ್ದು ಅಟ್ಟೆಯ ಅಂಚು, ಎದ್ದ ತುದಿಯ ಅಡಿಭಾಗ. ತಲೆಕೆಳಗಾದ ಪ್ರತಿಯಲ್ಲಿ ಲೇಸು ಕಂಡರೆ ಸುಳ್ಳು ಅಲ್ಲೇ ಗೊತ್ತಾಗುತ್ತದೆ. ಬೂಟಿನ ಫೋಟೊವನ್ನು ಅಂಥದೇ ಟೈಲ್ಸಿನ ಮೇಲೆ ತೆಗೆದಿದ್ದರೆ ಪ್ರತಿಬಿಂಬ ಅದರಲ್ಲೇ ಸಿಕ್ಕಿರುತ್ತದೆ, ಬೇರೆ ಮಾಡುವ ಕೆಲಸವೇ ಇಲ್ಲ. ಸೋಮಾರಿ ದಾರಿ ಸರಿಯಾದ ದಾರಿಯೂ ಆಗಿರುವ ಅಪರೂಪದ ಜಾಗ ಇದು.

ಕೆಲಸ ಸರಿಯಾಯಿತೇ ಎಂದು ನೋಡಲು ಫೋಟೊವನ್ನು ತಲೆಕೆಳಗು ಮಾಡಿ. ಮನುಷ್ಯನನ್ನು ಗುರುತಿಸುವುದನ್ನು ಬಿಟ್ಟು ಕಣ್ಣು ಕಲೆಗಳನ್ನು ನೋಡತೊಡಗುತ್ತದೆ. ಆಮೇಲೆ Curves ಗೆರೆಯನ್ನು ವಿಪರೀತಕ್ಕೆ ಎಳೆದು ನೆಲವನ್ನು ಬೆಳಗಿಸಿ. ಹಳೆಯ ನೆರಳಿನ ತುಣುಕು, ಬ್ರಶ್ಶಿನ ದುಂಡು ಗುರುತು, ಹೊಂದದ ಕಾಳುಕಾಳು ಎಲ್ಲವೂ ಆಗ ಎದ್ದು ಕಾಣುತ್ತವೆ. ಛತ್ರದ ಮಂದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಕಾಳು ಇರುತ್ತದೆ, ಸ್ಟುಡಿಯೊದ ಬೂಟು ನುಣುಪಾಗಿರುತ್ತದೆ. ಬೂಟಿಗೂ ನೆರಳಿಗೂ Add Noise ಸ್ವಲ್ಪ ಕೊಡಬೇಕಾಗುತ್ತದೆ.

ಯಾವ ಜಾಣ ಎಡಿಟರನಿಗೂ ಆಗದ ಕೆಲಸವೊಂದಿದೆ: ಚಪ್ಪಲಿ ಹಾಕಿದವರಿಗೆ ಎತ್ತರದ ಹಿಮ್ಮಡಿ ಜೋಡಿಸುವುದು. ಹಿಮ್ಮಡಿ ಮೂರು ಇಂಚು ಎದ್ದರೆ ಕಣಕಾಲಿನ ಕೋನ, ಮೀನಖಂಡದ ಬಿಗುವು, ಮೊಣಕಾಲು, ಬೆನ್ನು ಎಲ್ಲವೂ ಬದಲಾಗುತ್ತವೆ, ಸೀರೆಯ ಅಂಚು ನೆಲದಿಂದ ಮೇಲೇರುತ್ತದೆ. ಬೂಟನ್ನಷ್ಟೇ ಬದಲಿಸಿ ಉಳಿದುದನ್ನು ಹಾಗೇ ಬಿಟ್ಟರೆ ನೆರಳು ಎಷ್ಟು ಚೆನ್ನಾಗಿದ್ದರೂ ಫೋಟೊ ನಂಬಿಕೆಗೆ ಬರುವುದಿಲ್ಲ. ಅಂಥ ಕೆಲಸ ಬಂದರೆ ಆಗುವುದಿಲ್ಲ ಎಂದು ಹೇಳಿ ಕಳಿಸುವುದೇ ಸರಿ.

ಮದುವೆ ಫೋಟೊ ತೆಗೆಯುವವರಿಗೆ ಒಂದು ಮಾತು. ವರನ ಕಾಲಿನಲ್ಲಿ ಬೇರೆ ಶೂ ಕಂಡರೆ, ಟ್ರೈಪಾಡ್ ಎತ್ತುವ ಮುಂಚೆ, ದೀಪಗಳನ್ನು ಆರಿಸುವ ಮುಂಚೆ, ಅವನು ನಿಂತಿದ್ದ ಖಾಲಿ ನೆಲದ ಫೋಟೊ ಒಂದನ್ನು ತೆಗೆದಿಟ್ಟುಕೊಳ್ಳಿ. ಕರಿ ಬೂಟು ಅಷ್ಟರಲ್ಲಿ ಸಿಕ್ಕಿದರೆ ಯಾರಾದರೂ ಅದನ್ನು ಹಾಕಿಕೊಂಡು ಅದೇ ಜಾಗದಲ್ಲಿ ಅರೆನಿಮಿಷ ನಿಲ್ಲಲಿ.