ದನಿ ಏರಿದರೆಲ್ಲ ಸಿಟ್ಟೇ?

ಎಟಿಎಂನಿಂದ ಹಣ ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಗಿದೆ. ಗ್ರಾಹಕಿಯೊಬ್ಬರು ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ದಾರೆ ಎಂದುಕೊಳ್ಳಿ. ಹೆಸರು, ಖಾತೆ ಸಂಖ್ಯೆ ಹೇಳುವ ಮೊದಲ ಅರ್ಧ ನಿಮಿಷದಲ್ಲೇ ತಂತ್ರಾಂಶ ಅವರ ಸಹಜ ದನಿಯನ್ನು ಅಳೆದಿಟ್ಟುಕೊಳ್ಳುತ್ತದೆ: ಸ್ವರದ ಕಂಪನ ಸೆಕೆಂಡಿಗೆ ಸರಾಸರಿ 200, ಮಾತಿನ ವೇಗ ಸೆಕೆಂಡಿಗೆ 5 ಅಕ್ಷರ. ಮೂರನೇ ನಿಮಿಷಕ್ಕೆ ಕಂಪನ 260ಕ್ಕೆ, ವೇಗ 7ಕ್ಕೆ ಏರುತ್ತದೆ. ಸಿಬ್ಬಂದಿ ಮಾತು ಮುಗಿಸುವ ಮೊದಲೇ ಅವರು ಬಾಯಿ ಹಾಕತೊಡಗುತ್ತಾರೆ. ಮೇಲ್ವಿಚಾರಕರ ಪರದೆಯಲ್ಲಿ ಆ ಕರೆ ಕೆಂಪಾಗುತ್ತದೆ.

ಇಲ್ಲಿ 260 ಎಂಬ ಅಂಕಿಗಿಂತ ಮುಖ್ಯವಾದದ್ದು, ಅದು ಅವರದೇ ಮೊದಲಿನ ದನಿಗಿಂತ ಶೇ 30 ಹೆಚ್ಚು ಎಂಬುದು. 110ರಲ್ಲಿ ಮಾತಾಡುವ ಗಂಡಸು 143ಕ್ಕೆ ಏರಿದರೂ ಅದು ಅಷ್ಟೇ ಏರಿಕೆ. ಎಲ್ಲರಿಗೂ ಒಂದೇ ಗೆರೆ ಎಳೆದರೆ ಹೆಂಗಸರ ಸಾಮಾನ್ಯ ಮಾತೂ ಸಿಟ್ಟಾಗಿ ಕಂಡೀತು. ಹಾಗಾಗಿ ಒಳ್ಳೆಯ ತಂತ್ರಾಂಶ ಆಯಾ ವ್ಯಕ್ತಿಯನ್ನು ಅವರೊಂದಿಗೇ ಹೋಲಿಸುತ್ತದೆ. ಆದರೆ ಫೋನ್ ಹಚ್ಚುವ ಮೊದಲೇ ಕೆರಳಿದ್ದವರ ವಿಷಯದಲ್ಲಿ ಈ ಹೋಲಿಕೆ ಕೈಕೊಡುತ್ತದೆ. ಅವರ ಸಿಟ್ಟಿನ ದನಿಯೇ ಸಹಜ ದನಿ ಎಂದು ದಾಖಲಾಗಿಬಿಡುತ್ತದೆ.

ದನಿಯ ಜೋರನ್ನಂತೂ ನಂಬುವಂತಿಲ್ಲ. ಎಷ್ಟೋ ಫೋನ್‌ಗಳು ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ತಗ್ಗಿಸಿ ಕಳಿಸುತ್ತವೆ. ಮೇಲಾಗಿ ಗದ್ದಲದಲ್ಲಿ ನಿಂತವರು ತಮಗರಿವಿಲ್ಲದೆಯೇ ದನಿ ಏರಿಸುತ್ತಾರೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ವಿವರಿಸಿದ್ದ. ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಸಮಾಧಾನವಾಗಿಯೇ ಮಾತಾಡುತ್ತಿರುವವರೂ, ಕಿವಿ ಮಂದವಾದ ಅಜ್ಜನೂ ಯಂತ್ರದ ಲೆಕ್ಕದಲ್ಲಿ ಸಿಟ್ಟಿನವರಾಗಬಹುದು. ಖುಷಿಯಲ್ಲೂ ದನಿ ಏರುತ್ತದೆ, ಮಾತು ಓಡುತ್ತದೆ. ಸ್ವರ ಮತ್ತು ವೇಗದಿಂದ ತಿಳಿಯುವುದು ಮನಸ್ಸು ಎಷ್ಟು ಕಲಕಿದೆ ಎಂಬುದಷ್ಟೇ. ಯಾವುದಕ್ಕೆ ಕಲಕಿದೆ ಎಂಬುದು ಮಾತಿನ ಅರ್ಥದಲ್ಲಿದೆ.

ಇನ್ನೂ ಕಷ್ಟದ್ದು ತಣ್ಣನೆಯ ಸಿಟ್ಟು. ನಾಲ್ಕನೇ ಸಲ ಅದೇ ದೂರು ಹೇಳಿದ ಗ್ರಾಹಕ ಸಣ್ಣ ದನಿಯಲ್ಲಿ, ಬಿಟ್ಟು ಬಿಟ್ಟು, “ಆಯ್ತು ಬಿಡಿ, ಏನ್ ಮಾಡ್ಬೇಕೋ ನಾನ್ ನೋಡ್ಕೋತೀನಿ” ಅನ್ನುತ್ತಾನೆ. ಸ್ವರ ಇಳಿದಿದೆ, ವೇಗ ತಗ್ಗಿದೆ. ಯಂತ್ರಕ್ಕೆ ಸಮಾಧಾನವಾದಂತೆ ಕಾಣುತ್ತದೆ. ಸಂಶೋಧಕರು ಹೆಚ್ಚಾಗಿ ಬಳಸುವ ಬರ್ಲಿನ್ ಧ್ವನಿಸಂಗ್ರಹದಲ್ಲಿರುವುದು ಹತ್ತು ನಟ-ನಟಿಯರು ಜರ್ಮನ್‌ನಲ್ಲಿ ಅಭಿನಯಿಸಿದ ಭಾವಗಳು. ಅಂಥ ಅಭಿನಯದಿಂದ ಕಲಿತ ಯಂತ್ರಕ್ಕೆ ಧಾರವಾಡದ ಗಟ್ಟಿದನಿಯ ಸಹಜ ಮಾತೂ ಈ ‘ಆಯ್ತು ಬಿಡಿ’ಯೂ ತಿಳಿದೀತೆಂದು ನಂಬಲು ಕಾರಣವಿಲ್ಲ.

ಮೇಲ್ವಿಚಾರಕರಿಗೆ ‘ಈ ಕರೆ ಸ್ವಲ್ಪ ಕೇಳಿ’ ಎಂದು ಸೂಚಿಸಲು ಇದು ಸಾಕು. ಸಿಬ್ಬಂದಿಯ ದನಿ ಅಳೆದು ಅಂಕ ಕೊಡುವುದು, ಅದರ ಮೇಲೆ ಸಂಬಳ ಕಡಿಯುವುದು ಅನ್ಯಾಯ. ಕೆಲಸದ ಜಾಗದಲ್ಲಿ ನೌಕರರ ಭಾವನೆಯನ್ನು ಹೀಗೆ ಊಹಿಸುವುದನ್ನು ಐರೋಪ್ಯ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರುವರಿಯಿಂದ ನಿಷೇಧಿಸಿದೆ.

ಇಂಥ ತಂತ್ರಾಂಶ ಕೊಳ್ಳುವ ಸಂಸ್ಥೆ ಕೆಂಪಾದ ಕರೆಗಳನ್ನಷ್ಟೇ ಕೇಳಿ ತೃಪ್ತಿಪಡಬಾರದು. ಮುಂದೆ ಲಿಖಿತ ದೂರಿಗೆ ಕಾರಣವಾದ ಕರೆಗಳನ್ನೆಲ್ಲ ಹೊರತೆಗೆದು, ಅವುಗಳಲ್ಲಿ ಎಷ್ಟು ಅಂದು ಹಸಿರಾಗಿಯೇ ಉಳಿದಿದ್ದವು ಎಂದು ಎಣಿಸಬೇಕು.